ಮಾವಿನ ಹಂಗಾಮಿಗೆ ಬರೆದ ಬಿಲ್ಲು

ಕೋಲಾರದಲ್ಲಿ ನಮ್ಮದು ಪಿವಿಸಿ ಪೈಪು, ಹನಿ ನೀರಾವರಿಯ ಲ್ಯಾಟರಲ್ ಪೈಪು, ಫಿಲ್ಟರು ಮತ್ತು ವಾಲ್ವುಗಳ ಸಗಟು ವ್ಯಾಪಾರ. ಕಂಪನಿಯಿಂದ ಮಾಲು ತರಿಸಿ ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರದ ಚಿಲ್ಲರೆ ಅಂಗಡಿಗಳಿಗೆ ಕೊಡುತ್ತೇವೆ. ಟೊಮೆಟೊ ಬೆಳೆಯುವವರು ಮಾರುಕಟ್ಟೆಯಲ್ಲಿ ದುಡ್ಡು ಕಂಡ ವಾರದಲ್ಲೇ ಅಂಗಡಿಯ ಬಾಕಿ ತೀರಿಸಬಲ್ಲರು. ಆದರೆ ಶ್ರೀನಿವಾಸಪುರದ ಕಡೆಯ ಮಾವಿನ ತೋಟದವರಿಗೆ ದೊಡ್ಡ ಹಣ ಬರುವುದು ವರ್ಷಕ್ಕೊಮ್ಮೆ, ಕಾಯಿ ಇಳಿದ ಮೇಲೆ. ಹೀಗಾಗಿ ಅಲ್ಲಿನ ಅಂಗಡಿಯವರು ಬೇಸಿಗೆಯ ಆರಂಭದಲ್ಲಿ ರೈತರಿಗೆ ಪೈಪು ಕೊಟ್ಟು ಜೂನ್‌ವರೆಗೆ ಕಾಯುತ್ತಾರೆ, ಅವರ ಹಿಂದೆ ನಾವೂ ಕಾಯಬೇಕಾಗುತ್ತದೆ. ನಮಗಾದರೋ ಕಂಪನಿಗೆ ಮೂವತ್ತು ದಿನದೊಳಗೆ ಹಣ ಕಟ್ಟಬೇಕು. ಗಿರಾಕಿ ಹಣ ಕೊಡಲಿ ಬಿಡಲಿ, ಮಾರ್ಚ್ ತಿಂಗಳ ಮಾರಾಟದ ಜಿಎಸ್‌ಟಿಯನ್ನು ಏಪ್ರಿಲ್ 20ರೊಳಗೆ ತುಂಬಬೇಕು.

2024ರ ಮಾರ್ಚ್ ಮೊದಲ ವಾರದಲ್ಲಿ ಶ್ರೀನಿವಾಸಪುರದ ಅಂಗಡಿಯೊಂದಕ್ಕೆ ತೆರಿಗೆ ಸೇರಿ 3,65,000 ರೂಪಾಯಿಯ ಮಾಲು ಹೋಯಿತು. ಆ ಅಂಗಡಿಯ ಯಜಮಾನರು ಹಳೆಯ ಗಿರಾಕಿ. ಅವರು ಕೇಳಿದ್ದು ಮೂರು ತಿಂಗಳ ಸಾಲ. “ಅಕ್ಕಾ, ಕಾಯಿ ಇಳೀಲಿ, ಒಂದೇ ಸಲಕ್ಕೆ ಕಟ್ಟಿಬಿಡ್ತೀನಿ. ಬೇಕಾದರೆ ಜೂನ್ ತಾರೀಖು ಹಾಕಿ ಚೆಕ್ಕು ಕೊಡ್ತೀನಿ,” ಎಂದರು. ಚೆಕ್ಕಿನ ಬದಲು ಅವರ ಮೇಲೆ ಬಿಲ್ಲು ಬರೆಯುತ್ತೇನೆಂದು ನಾನು ಹೇಳಿದೆ. ಇದು ಮಾಲಿನ ಇನ್‌ವಾಯ್ಸು ಅಲ್ಲ, ಇಂಥ ದಿನ ಇಷ್ಟು ಹಣ ಕೊಡತಕ್ಕದ್ದೆಂದು ಮಾರಿದವರು ಕೊಂಡವರಿಗೆ ಬರೆಯುವ ಆದೇಶಪತ್ರ, ಇಂಗ್ಲಿಷಿನಲ್ಲಿ ಬಿಲ್ ಆಫ್ ಎಕ್ಸ್‌ಚೇಂಜ್.

ಈ ಆಯ್ಕೆಗೆ ಕಾರಣವಿತ್ತು. ಮುಂದಿನ ತಾರೀಖಿನ ಚೆಕ್ಕು ವಾಪಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಕ್ರಿಮಿನಲ್ ದೂರು ಕೊಡಬಹುದು. ಆ ಭಯವೇ ಚೆಕ್ಕಿನ ಬಲ. ಬಿಲ್ಲಿಗೆ ಆ ಬಲವಿಲ್ಲ. 138ನೇ ಕಲಮು ಚೆಕ್ಕಿಗೆ ಮಾತ್ರ ಅನ್ವಯಿಸುತ್ತದೆ, ಬಿಲ್ಲಿನ ಹಣ ಬಾರದಿದ್ದರೆ ಉಳಿಯುವುದು ಸಿವಿಲ್ ದಾವೆಯೊಂದೇ. ಆದರೆ ನನಗೆ ಆ ಹೊತ್ತಿಗೆ ಬೇಕಾಗಿದ್ದದ್ದು ಜೂನ್‌ನಲ್ಲಿ ಹೆದರಿಸುವ ಸಾಧನವಲ್ಲ, ಮಾರ್ಚ್‌ನಲ್ಲಿ ಕೈಗೆ ಬರುವ ಹಣ. ನಮ್ಮ ಬ್ಯಾಂಕು ನಮಗೆ ಬಿಲ್ ಡಿಸ್ಕೌಂಟ್ ಮಿತಿಯನ್ನು ಮಂಜೂರು ಮಾಡಿತ್ತು. ಗಿರಾಕಿ ಒಪ್ಪಿ ಸಹಿ ಹಾಕಿದ, ನಿಜವಾದ ಮಾರಾಟದಿಂದ ಹುಟ್ಟಿದ ಬಿಲ್ಲನ್ನು ಕೊಟ್ಟರೆ ಬ್ಯಾಂಕು ಬಡ್ಡಿ ಮುರಿದುಕೊಂಡು ಉಳಿದ ಹಣವನ್ನು ಅಂದೇ ಕೊಡುತ್ತದೆ. ಡ್ರಾಯರಿನಲ್ಲಿರುವ ಜೂನ್ ತಿಂಗಳ ಚೆಕ್ಕಿಗೆ ಹಾಗೆ ಕೊಡುವುದಿಲ್ಲ. ಸಣ್ಣ ಉದ್ದಿಮೆಗಳಿಗೆ ನಲವತ್ತೈದು ದಿನದೊಳಗೆ ಹಣ ಬರಬೇಕೆಂಬ ಕಾನೂನಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಆ ರಕ್ಷಣೆ ಇರುವುದು ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ. ನಮ್ಮಂತೆ ಕೊಂಡು ಮಾರುವವರಿಗೆ ಉದ್ಯಮ್ ನೋಂದಣಿ ಇದ್ದರೂ ಅದು ಸಿಗುವುದಿಲ್ಲ.

ಬಿಲ್ಲಿನ ಒಕ್ಕಣೆ ಚಿಕ್ಕದು. ಮೇಲೆ ಎಡಕ್ಕೆ ಮೊತ್ತ, ಬಲಕ್ಕೆ ಕೋಲಾರ, 6 ಮಾರ್ಚ್ 2024 ಎಂದು ಬರೆದು, ಕೆಳಗೆ “ಈ ತಾರೀಖಿನಿಂದ ಮೂರು ತಿಂಗಳಿಗೆ ನಮಗೆ ಅಥವಾ ನಮ್ಮ ಆದೇಶ ಪಡೆದವರಿಗೆ ಮೂರು ಲಕ್ಷ ಅರವತ್ತೈದು ಸಾವಿರ ರೂಪಾಯಿಗಳನ್ನು, ಮಾಲು ಸಂದ ಬಾಬ್ತು, ಪಾವತಿ ಮಾಡತಕ್ಕದ್ದು” ಎಂದು ಬರೆಸಿ ನಾನು ಸಹಿ ಹಾಕಿದೆ. ಎಡಗಡೆಯ ಕೆಳಭಾಗದಲ್ಲಿ ಅಂಗಡಿಯ ಹೆಸರು ಮತ್ತು ವಿಳಾಸ. ಇಲ್ಲಿ ಬಿಲ್ಲು ಬರೆದವಳು ನಾನು, ಬರೆದದ್ದು ಅವರ ಮೇಲೆ, ಹಣ ಪಡೆಯಬೇಕಾದವಳೂ ನಾನೇ. “ನಮ್ಮ ಆದೇಶ ಪಡೆದವರಿಗೆ” ಎಂಬ ಮಾತು ಇರುವುದರಿಂದ ಬಿಲ್ಲಿನ ಹಿಂಬದಿಯಲ್ಲಿ ಬರೆದು ಅದನ್ನು ಬ್ಯಾಂಕಿಗೆ ವರ್ಗಾಯಿಸಬಹುದು. ಒಕ್ಕಣೆಯಲ್ಲಿ ಷರತ್ತು ಇರಬಾರದೆಂಬುದು ಕಾನೂನಿನ ಮುಖ್ಯ ನಿಯಮ. “ಮಾವು ಮಾರಾಟವಾದ ಮೇಲೆ” ಎಂದೋ “ರೈತರಿಂದ ವಸೂಲಾದ ಮೇಲೆ” ಎಂದೋ ಒಂದು ಮಾತು ಸೇರಿದರೂ ಆ ಕಾಗದ ಬಿಲ್ಲಾಗಿ ಉಳಿಯುವುದಿಲ್ಲ.

ಇನ್ನೊಂದು ವಿಷಯವನ್ನು ಬಹಳ ಮಂದಿ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕೇಳಿದ ಕೂಡಲೇ ಪಾವತಿಯಾಗಬೇಕಾದ ಬಿಲ್ಲಿಗೆ ಸ್ಟಾಂಪ್ ಸುಂಕವಿಲ್ಲ, ಅವಧಿ ಬಿಲ್ಲಿಗೆ ಇದೆ. ಸುಂಕ ಎಷ್ಟೆಂಬುದು ಮೊತ್ತ, ಅವಧಿ ಮತ್ತು ಬಿಲ್ಲಿನಲ್ಲಿ ಬ್ಯಾಂಕು ಒಬ್ಬ ಪಕ್ಷಗಾರನೇ ಎಂಬುದರ ಮೇಲೆ ಬದಲಾಗುವುದರಿಂದ ಬ್ಯಾಂಕಿನವರನ್ನು ಕೇಳಿಯೇ ಕಾಗದ ತರಿಸಿದೆವು. ಬೇರೆ ಕರಾರುಪತ್ರಕ್ಕೆ ಸ್ಟಾಂಪು ಕಡಿಮೆಯಾಗಿದ್ದರೆ ನ್ಯಾಯಾಲಯದಲ್ಲಿ ದಂಡ ಕಟ್ಟಿ ಸರಿಪಡಿಸಿಕೊಳ್ಳುವ ದಾರಿಯಿದೆ. ಅವಧಿ ಬಿಲ್ಲಿಗೂ ಪ್ರಾಮಿಸರಿ ನೋಟಿಗೂ ಆ ದಾರಿಯಿಲ್ಲ. ಸುಂಕ ಕೊರತೆಯಾದ ಬಿಲ್ಲನ್ನು ದಂಡ ಕಟ್ಟಿದರೂ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಲಕ್ಷಗಳ ಕಾಗದವನ್ನು ಕೆಡಿಸಿಕೊಂಡವರ ಕಥೆಯನ್ನು ನಮ್ಮ ವಕೀಲರು ಬೇಸರವಿಲ್ಲದೆ ಹೇಳುತ್ತಾರೆ.

ಮರುದಿನ, ಗುರುವಾರ, ಬಿಲ್ಲನ್ನು ಹಿಡಿದು ಶ್ರೀನಿವಾಸಪುರಕ್ಕೆ ಹೋದೆ. ನಾನು ಸಹಿ ಹಾಕಿದ ಮಾತ್ರಕ್ಕೆ ಅಂಗಡಿಯವರು ಬಿಲ್ಲಿಗೆ ಬಾಧ್ಯರಾಗುವುದಿಲ್ಲ. ಅವರು ಬಿಲ್ಲಿನ ಮೇಲೆಯೇ ಒಪ್ಪಿಗೆ ಬರೆದು ಸಹಿ ಮಾಡಿ ವಾಪಸು ಕೊಟ್ಟಾಗ ಮಾತ್ರ ಹೊಣೆ ಹುಟ್ಟುತ್ತದೆ. ಹಾಗೆ ಸಹಿ ಹಾಕಿದ ಮೇಲೆ ಬಿಲ್ಲಿನ ಮೊದಲ ಹೊಣೆಗಾರರು ಅವರು, ಬರೆದ ನಾನು ಅವರ ಹಿಂದೆ ನಿಲ್ಲುವವಳು. ಅಂಗಡಿಯಲ್ಲಿ ಆಗ ಇದ್ದದ್ದು ಅವರ ಮಗ. “ನಾನೇ ಹಾಕ್ತೀನಿ ಅಕ್ಕಾ, ಅಪ್ಪ ತೋಟದ ಕಡೆ ಹೋಗಿದ್ದಾರೆ,” ಎಂದು ಪೆನ್ನು ತೆಗೆದ. ಜಿಎಸ್‌ಟಿ ನೋಂದಣಿಯೂ ಬ್ಯಾಂಕಿನ ಖಾತೆಯೂ ತಂದೆಯ ಹೆಸರಿನಲ್ಲಿದ್ದವು. ಮಗನಿಗೆ ಬರಹದ ಅಧಿಕಾರ ಕೊಟ್ಟಿರಲಿಲ್ಲ. ಆತ ಬರಿಯ ತನ್ನ ಹೆಸರು ಬರೆದು ಸಹಿ ಹಾಕಿದ್ದರೆ ತಂದೆಯ ಮೇಲೆ ಹೊಣೆ ಬರುತ್ತಿರಲಿಲ್ಲ. ಆದ್ದರಿಂದ ಯಜಮಾನರು ಬರುವ ತನಕ ಕುಳಿತೆ.

ಅವರು ಬಂದವರು ಬಿಲ್ಲನ್ನು ಎರಡು ಸಲ ಓದಿ, “ಫಿಟ್ಟಿಂಗ್ ಮಾಲು ಪೂರ್ತಿ ಖರ್ಚಾಗದೆ ಉಳಿದರೆ ವಾಪಸು ತಗೋತೀರಲ್ಲ? ಅದನ್ನು ಇಲ್ಲೇ ಒಂದು ಸಾಲು ಬರೆದುಬಿಡ್ಲಾ?” ಎಂದು ಕೇಳಿದರು. ಉಳಿದ ಮಾಲನ್ನು ವಾಪಸು ಪಡೆಯುವುದಕ್ಕೆ ನನ್ನ ಅಭ್ಯಂತರವಿರಲಿಲ್ಲ. ಆ ಸಾಲು ಬಿಲ್ಲಿನ ಮೇಲೆ ಬರುವುದಕ್ಕೆ ಇತ್ತು. “ಉಳಿದ ಮಾಲಿನ ಬೆಲೆ ಕಳೆದು ಕೊಡುತ್ತೇನೆ” ಎಂಬಂಥ ಒಪ್ಪಿಗೆ ಷರತ್ತಿನ ಒಪ್ಪಿಗೆಯಾಗುತ್ತದೆ. ಬಿಲ್ಲು ಹಿಡಿದವರು ಅದನ್ನು ಒಪ್ಪಿಗೆ ದೊರೆಯಲಿಲ್ಲವೆಂದೇ ಎಣಿಸಬಹುದು, ಬ್ಯಾಂಕು ಅಂಥದ್ದನ್ನು ಮುಟ್ಟುವುದೇ ಇಲ್ಲ. ವಾಪಸಿನ ಮಾತನ್ನು ಬೇರೆ ಕಾಗದದಲ್ಲಿ ಬರೆದುಕೊಟ್ಟೆ. ಅಂಥ ಮಾಲು ಬಂದರೆ ಕ್ರೆಡಿಟ್ ನೋಟು ಕೊಟ್ಟು ಹಣವನ್ನು ಪ್ರತ್ಯೇಕವಾಗಿ ಹಿಂತಿರುಗಿಸುವುದೆಂದು ಮಾತಾಯಿತು. ಬಳಿಕ ಅವರು ಬಿಲ್ಲಿನ ಮುಖದ ಮೇಲೆ ಅಡ್ಡಲಾಗಿ “ಒಪ್ಪಿದ್ದೇನೆ” ಎಂದು ಬರೆದು, ಹಣ ಸಿಗುವ ಸ್ಥಳವಾಗಿ ಶ್ರೀನಿವಾಸಪುರದ ತಮ್ಮ ಬ್ಯಾಂಕ್ ಶಾಖೆಯ ಹೆಸರನ್ನು ಸೂಚಿಸಿ, 7 ಮಾರ್ಚ್ 2024 ಎಂದು ತಾರೀಖು ಹಾಕಿ, ಅಂಗಡಿಯ ಮೊಹರಿನ ಮೇಲೆ ಸಹಿ ಮಾಡಿದರು. ಪಾವತಿಯ ಸ್ಥಳವನ್ನು ಹೀಗೆ ಗೊತ್ತುಮಾಡುವುದು ಮುಂದೆ ಬಹಳ ಉಪಯೋಗಕ್ಕೆ ಬಂತು, ಏಕೆಂದರೆ ಗಡುವಿನ ದಿನ ಬಿಲ್ಲನ್ನು ಎಲ್ಲಿ ತೋರಿಸಬೇಕೆಂಬ ಪ್ರಶ್ನೆಯೇ ಏಳಲಿಲ್ಲ.

ಗಡುವಿನ ಲೆಕ್ಕವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮಾರ್ಚ್ 6ರಿಂದ ಮೂರು ತಿಂಗಳೆಂದರೆ ಜೂನ್ 6. ತಿಂಗಳಿನಲ್ಲಿ ಎಣಿಸುವಾಗ ದಿನ ಮೂವತ್ತೋ ಮೂವತ್ತೊಂದೋ ಎಂಬುದು ಮುಖ್ಯವಲ್ಲ, ಅದೇ ತಾರೀಖಿಗೆ ಬರಬೇಕು. ಆ ತಿಂಗಳಲ್ಲಿ ಆ ತಾರೀಖು ಇಲ್ಲದಿದ್ದರೆ ತಿಂಗಳ ಕೊನೆಯ ದಿನಕ್ಕೆ ನಿಲ್ಲುತ್ತದೆ. ಅದಕ್ಕೆ ಕಾನೂನು ಮೂರು ದಿನಗಳ ರಿಯಾಯಿತಿ ಸೇರಿಸುತ್ತದೆ, ಆಗ ಜೂನ್ 9. ಆ ದಿನ ಭಾನುವಾರ. ಗಡುವು ರಜೆಯ ದಿನ ಬಿದ್ದರೆ ಬಿಲ್ಲಿಗೆ ಹಿಂದಿನ ಕೆಲಸದ ದಿನವೇ ಗಡುವು ಎಂದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಕಲಮು ಹೇಳುತ್ತದೆ. ಹಿಂದಿನ ದಿನ ಜೂನ್ 8, ತಿಂಗಳ ಎರಡನೇ ಶನಿವಾರ. 2015ರ ಸೆಪ್ಟೆಂಬರಿನಿಂದ ಎರಡನೇ ಮತ್ತು ನಾಲ್ಕನೇ ಶನಿವಾರಗಳು ಬ್ಯಾಂಕುಗಳಿಗೆ ಈ ಕಾಯ್ದೆಯಡಿಯ ರಜೆಗಳು. ಹೀಗಾಗಿ ನಿಜವಾದ ಗಡುವು ಜೂನ್ 7, ಶುಕ್ರವಾರ. ರಜೆ ಬಂದರೆ ಮುಂದಿನ ಸೋಮವಾರಕ್ಕೆ ಹೋಗುತ್ತದೆಂಬುದು ಸಾಮಾನ್ಯರ ಭಾವನೆ, ಬಿಲ್ಲಿನ ವಿಷಯದಲ್ಲಿ ಅದು ತಲೆಕೆಳಗು. ಸೋಮವಾರ ತೋರಿಸಿದರೆ ತಡವಾಗಿ ತೋರಿಸಿದಂತೆ, ಹಾಗಾದಾಗ ಬಿಲ್ಲು ಬರೆದವರು ಮತ್ತು ಹಿಂಬರಹ ಮಾಡಿದವರು ಹೊಣೆಯಿಂದ ಜಾರಿಕೊಳ್ಳುವ ಅವಕಾಶವಿದೆ. ಅದಕ್ಕೇ ಒಪ್ಪಿಗೆ ಹಾಕಿಸಿಕೊಂಡ ದಿನವೇ ಅಂಗಡಿಯವರ ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ 7ಕ್ಕೆ ಗುರುತು ಮಾಡಿಸಿದೆ.

ಮಾರ್ಚ್ 8 ಶಿವರಾತ್ರಿ, 9 ಎರಡನೇ ಶನಿವಾರ, 10 ಭಾನುವಾರ. ಬ್ಯಾಂಕಿಗೆ ಹೋಗಲು ಸಾಧ್ಯವಾದದ್ದು ಸೋಮವಾರ, 11ರಂದು. ಬಿಲ್ಲಿನ ಜೊತೆಗೆ ತೆರಿಗೆ ಇನ್‌ವಾಯ್ಸು, ಇ-ವೇ ಬಿಲ್ಲು ಮತ್ತು ಅಂಗಡಿಯವರು ಮಾಲು ಪಡೆದ ಸಹಿಯ ಪ್ರತಿಯನ್ನು ಕೊಟ್ಟೆ. ಮಾಲೇ ಹೋಗದೆ ಇಬ್ಬರು ಸ್ನೇಹಿತರು ಪರಸ್ಪರ ಬರೆದುಕೊಂಡು ಹಣ ಎತ್ತುವ ಬಿಲ್ಲುಗಳೂ ಉಂಟು, ಅದಕ್ಕಾಗಿ ಬ್ಯಾಂಕಿನವರು ಈ ಕಾಗದಗಳನ್ನು ಒಂದಕ್ಕೊಂದು ತಾಳೆ ನೋಡುತ್ತಾರೆ. ನಂತರ ಬಿಲ್ಲಿನ ಹಿಂಬದಿಯಲ್ಲಿ ಬ್ಯಾಂಕಿನ ಹೆಸರಿಗೆ ಬರೆದು ಸಹಿ ಮಾಡಿದೆ.

ಬಡ್ಡಿಯ ದರ ವರ್ಷಕ್ಕೆ ಶೇಕಡ 12. ಮಾರ್ಚ್ 11ರಿಂದ ಜೂನ್ 7ರವರೆಗೆ 88 ದಿನ. 3,65,000 ರೂಪಾಯಿಗೆ ಶೇಕಡ 12ರಂತೆ ವರ್ಷಕ್ಕೆ 43,800, ದಿನಕ್ಕೆ ಸರಿಯಾಗಿ 120 ರೂಪಾಯಿ. 88 ದಿನಕ್ಕೆ 10,560. ಇದನ್ನು ಮೊದಲೇ ಮುರಿದುಕೊಂಡು, ನಿರ್ವಹಣಾ ಶುಲ್ಕ 500 ಮತ್ತು ಆ ಶುಲ್ಕದ ಮೇಲಿನ ಜಿಎಸ್‌ಟಿ 90 ರೂಪಾಯಿ ಕಳೆದು, 3,53,850 ರೂಪಾಯಿ ಖಾತೆಗೆ ಬಂತು. ಡಿಸ್ಕೌಂಟು ಬಡ್ಡಿಯ ಸ್ವರೂಪದ್ದಾದ್ದರಿಂದ ಅದರ ಮೇಲೆ ಜಿಎಸ್‌ಟಿ ಬೀಳುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಬ್ಯಾಂಕು ಬಡ್ಡಿ ಹಾಕುವುದು ಪೂರ್ತಿ 3,65,000ಕ್ಕೆ, ಆದರೆ ಡಿಸ್ಕೌಂಟು ಕಳೆದ ಮೇಲೆ ನಮಗೆ ಉಳಿಯುವುದು 3,54,440. ಉಳಿದ ಹಣದ ಮೇಲೆ ಲೆಕ್ಕ ಹಾಕಿದರೆ ದರ ಶೇಕಡ 12 ಅಲ್ಲ, ಸುಮಾರು 12.36. ಅವಧಿ ಉದ್ದವಾದಷ್ಟೂ ಈ ಅಂತರ ಹಿಗ್ಗುತ್ತದೆ. ಸಾಲದ ಬೆಲೆ ನಿಗದಿಪಡಿಸುವಾಗ ನಾನು ಈ ವೆಚ್ಚವನ್ನು ಮಾಲಿನ ದರದಲ್ಲೇ ಸೇರಿಸಿರುತ್ತೇನೆ. ನಗದು ಕೊಟ್ಟು ಒಯ್ಯುವವರಿಗೆ ಶೇಕಡ 3 ಕಡಿಮೆ.

ಹಣ ಬಂದೊಡನೆ ಕಂಪನಿಯ ಬಾಕಿ ತೀರಿತು. ಆದರೆ ಬಿಲ್ಲು ಮಾರಿದ್ದರಿಂದ ನನ್ನ ಹೊಣೆ ತೀರಲಿಲ್ಲ. ಈ ಇಡೀ ವ್ಯವಹಾರದಲ್ಲಿ ಹೆಚ್ಚು ಮಂದಿ ಮರೆಯುವುದು ಇದನ್ನೇ. ಒಪ್ಪಿಗೆ ಹಾಕಿದವರು ಕೊಡದಿದ್ದರೆ ಬಿಲ್ಲು ಬರೆದವಳಾಗಿಯೂ ಹಿಂಬರಹ ಮಾಡಿದವಳಾಗಿಯೂ ಬ್ಯಾಂಕಿಗೆ ನಾನೇ ಕೊಡಬೇಕು. “ನನ್ನ ಮೇಲೆ ಹೊಣೆಯಿಲ್ಲದೆ” ಎಂದು ಹಿಂಬರಹ ಬರೆಯಲು ಕಾನೂನಿನಲ್ಲಿ ಅವಕಾಶವಿದೆ, ಹಾಗೆ ಬರೆದ ಬಿಲ್ಲನ್ನು ನಮ್ಮ ಬ್ಯಾಂಕು ಕೊಳ್ಳುವುದಿಲ್ಲ. ಹೀಗಾಗಿ ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವಾಗ ಆಡಿಟರು ಎರಡು ಕೆಲಸ ಮಾಡಿಸಿದರು. ಅಂಗಡಿಯವರ ಖಾತೆ ನಮ್ಮ ಪುಸ್ತಕದಲ್ಲಿ ತೀರಿದೆಯೆಂದು ಕಾಣುತ್ತಿದ್ದರೂ, ಆಸ್ತಿ–ಹೊಣೆ ಪಟ್ಟಿಯ ಅಡಿಯಲ್ಲಿ 3,65,000 ರೂಪಾಯಿಯನ್ನು ಸಂಭವನೀಯ ಹೊಣೆಯೆಂದು ಟಿಪ್ಪಣಿ ಹಾಕಿಸಿದರು. ಡಿಸ್ಕೌಂಟಿನಲ್ಲಿ ಮಾರ್ಚ್ 31ರವರೆಗಿನ 20 ದಿನಕ್ಕೆ ಸೇರಿದ 2,400 ರೂಪಾಯಿಯನ್ನು ಮಾತ್ರ ಆ ವರ್ಷದ ಖರ್ಚಿಗೆ ಬರೆದು, ಉಳಿದ 8,160 ರೂಪಾಯಿಯನ್ನು ಮುಂದಿನ ವರ್ಷಕ್ಕೆ ಸಾಗಿಸಿದರು.

ಆ ವರ್ಷ ಮಾವು ಕೈಕೊಟ್ಟಿತು. ಹಿಂದಿನ ವರ್ಷದ ಮಳೆ ಕೊರತೆ, ಮೇಲೆ ಬೇಸಿಗೆಯ ಸುಡುಬಿಸಿಲು. ಹೂವು, ಈಚು ಉದುರಿ ಫಸಲು ಇಳಿಯಿತು. ಮೇ ಕೊನೆಯಲ್ಲಿ ಅಂಗಡಿಗೆ ಫೋನು ಮಾಡಿದಾಗ ಯಜಮಾನರು, “ಬರ್ತಾ ಇದೆ ಅಕ್ಕಾ, ಸ್ವಲ್ಪ ಸ್ವಲ್ಪ ಬರ್ತಾ ಇದೆ,” ಎಂದರು. ಗಿರಾಕಿ ದಿನ ಹೇಳದೆ ಹೀಗೆ ಉತ್ತರಿಸಿದರೆ ಹಣ ಸೇರಿಲ್ಲವೆಂದೇ ತಿಳಿಯಬೇಕು. ನನ್ನ ಖಾತೆಯಲ್ಲಿ ಆ ಮೊತ್ತಕ್ಕೆ ಜಾಗ ಉಳಿಯುವಂತೆ ಹೊಸ ಖರೀದಿಯೊಂದನ್ನು ಅಂದೇ ಮುಂದೂಡಿದೆ.

ನಮ್ಮ ಬ್ಯಾಂಕು ಬಿಲ್ಲನ್ನು ಮುಂಚೆಯೇ ಶ್ರೀನಿವಾಸಪುರದ ಆ ಶಾಖೆಗೆ ಕಳಿಸಿತ್ತು. ಜೂನ್ 7ರಂದು ಅಲ್ಲಿ ತೋರಿಸಿದಾಗ ಅಂಗಡಿಯ ಖಾತೆಯಲ್ಲಿ ಸಾಕಷ್ಟು ಹಣವಿರಲಿಲ್ಲ. ಬಿಲ್ಲು ಅನಾದರವಾಯಿತು. ಎರಡು ದಿನದ ರಜೆ ಕಳೆದು ಸೋಮವಾರ, ಜೂನ್ 10ರಂದು, ಬ್ಯಾಂಕಿನಿಂದ ನನಗೆ ಲಿಖಿತ ನೋಟೀಸು ಬಂತು. ಅದೇ ದಿನ 3,65,000 ರೂಪಾಯಿಯನ್ನೂ ಮೂರು ದಿನದ ಬಡ್ಡಿ 360 ರೂಪಾಯಿಯನ್ನೂ ವಾಪಸಿನ ಶುಲ್ಕವನ್ನೂ ನನ್ನ ಖಾತೆಯಿಂದ ತೆಗೆದುಕೊಂಡರು. ಮೊದಲು ಮುರಿದುಕೊಂಡಿದ್ದ 10,560 ವಾಪಸು ಬರುವುದಿಲ್ಲ. 88 ದಿನ ಅವರ ಹಣವನ್ನು ನಾನು ಬಳಸಿದ್ದಕ್ಕೆ ಅದು ಬಾಡಿಗೆ.

ನೋಟೀಸಿನ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. ಬಿಲ್ಲು ಹಿಡಿದವರು ಬೇರೆ ಊರಿನವರಿಗಾದರೆ ಅನಾದರದ ಮರುದಿನ ಅಥವಾ ಮುಂದಿನ ಅಂಚೆಗೆ ನೋಟೀಸು ಕಳಿಸಬೇಕು, ಒಂದೇ ಊರಾದರೆ ಅದು ಮರುದಿನ ತಲುಪುವಂತಿರಬೇಕು. ರಜೆಯ ದಿನಗಳನ್ನು ಈ ಲೆಕ್ಕದಲ್ಲಿ ಬಿಡಲಾಗುತ್ತದೆ. ಹಾಗಾಗಿ ಶುಕ್ರವಾರದ ಅನಾದರಕ್ಕೆ ಸೋಮವಾರದ ನೋಟೀಸು ಸಕಾಲದ್ದೇ. ಒಂದು ವಾರ ಸುಮ್ಮನಿದ್ದು ಕಳಿಸಿದ್ದರೆ ನನ್ನನ್ನು ಹಿಡಿಯಲು ಬ್ಯಾಂಕಿಗೆ ಕಷ್ಟವಾಗುತ್ತಿತ್ತು. ವಿಚಿತ್ರವೆಂದರೆ, ಒಪ್ಪಿಗೆ ಹಾಕಿ ಹಣ ಕೊಡದೆ ಇದ್ದ ಅಂಗಡಿಯವರಿಗೆ ಈ ನೋಟೀಸು ಕೊಡಲೇಬೇಕೆಂದಿಲ್ಲ. ಯೋಚಿಸಿದರೆ ಅದು ಸರಿಯೇ. ತಾನು ಕೊಡಲಿಲ್ಲವೆಂಬುದು ಕೊಡದವನಿಗೆ ಗೊತ್ತೇ ಇರುತ್ತದೆ. ಹಿಂದೆ ನಿಂತ ನನ್ನಂಥವರಿಗೆ ಮಾತ್ರ ಯಾರಾದರೂ ತಿಳಿಸಬೇಕು.

ಹಣ ಕೊಟ್ಟ ಮೇಲೆ ಬಿಲ್ಲು ನನ್ನ ಕೈಗೆ ಮರಳಿತು. ಅದನ್ನು ಅಂದೇ ಕೋಲಾರದ ನೋಟರಿಯೊಬ್ಬರ ಬಳಿ ಒಯ್ದು ನೋಟಿಂಗ್ ಮಾಡಿಸಿದೆ. ನೋಟರಿಯವರು ಬಿಲ್ಲು ಅನಾದರವಾದ ತಾರೀಖು, ಅದಕ್ಕೆ ಕೊಟ್ಟ ಕಾರಣ ಮತ್ತು ತಮ್ಮ ಶುಲ್ಕವನ್ನು ಬಿಲ್ಲಿಗೆ ಅಂಟಿಸಿದ ಚೀಟಿಯಲ್ಲಿ ಬರೆದು ಸಹಿ ಮಾಡಿದರು. ದೇಶದೊಳಗಿನ ಬಿಲ್ಲಿಗೆ ಇದು ಕಡ್ಡಾಯವಲ್ಲ. ಇದರ ಮೇಲೆ ಪ್ರೊಟೆಸ್ಟ್ ಎಂಬ ಪ್ರಮಾಣಪತ್ರವನ್ನೂ ಪಡೆದರೆ, ಎದುರಾಳಿ ಅಲ್ಲಗಳೆದು ಸಾಧಿಸುವ ತನಕ ನ್ಯಾಯಾಲಯವು ಅನಾದರ ಆಗಿದೆಯೆಂದೇ ನಂಬಿ ನಡೆಯುತ್ತದೆ. ನಾನು ನೋಟಿಂಗಿಗೆ ನಿಲ್ಲಿಸಿದೆ, ಏಕೆಂದರೆ ಅಂಗಡಿಯವರು ಸಾಲವನ್ನು ಅಲ್ಲಗಳೆಯುವವರಲ್ಲ. ಬ್ಯಾಂಕಿನ ವಾಪಸು ಶುಲ್ಕ, ಮೂರು ದಿನದ ಬಡ್ಡಿ ಮತ್ತು ನೋಟಿಂಗ್ ಖರ್ಚು ಸೇರಿ 1,100 ರೂಪಾಯಿ ಆಯಿತು. ತೀರಿದಂತಿದ್ದ ಅಂಗಡಿಯವರ ಖಾತೆಯನ್ನು ಮತ್ತೆ ತೆರೆದು 3,66,100 ರೂಪಾಯಿ ಅವರಿಂದ ಬರಬೇಕಾದದ್ದೆಂದು ಬರೆದೆವು. ಡಿಸ್ಕೌಂಟಿನ 10,560 ಅದರಲ್ಲಿ ಸೇರಲಿಲ್ಲ. ಅದು ನನ್ನ ಅನುಕೂಲಕ್ಕೆ ನಾನು ಮಾಡಿಕೊಂಡ ಖರ್ಚು.

ವಕೀಲರು ದಾವೆಯ ದಾರಿಯನ್ನು ಹೇಳಿದರು. ಬಿಲ್ಲಿನ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಸಂಕ್ಷಿಪ್ತ ದಾವೆ ಹೂಡಬಹುದು. ಸಾಮಾನ್ಯ ದಾವೆಯಲ್ಲಿ ಪ್ರತಿವಾದಿ ತಾನಾಗಿ ವಾದ ಮಂಡಿಸುತ್ತಾನೆ. ಇಲ್ಲಿ ಸಮನ್ಸು ಮುಟ್ಟಿದ ಹತ್ತು ದಿನದೊಳಗೆ ಹಾಜರಾಗಿ, ಮುಂದೆ ತನಗೆ ಹೇಳಿಕೊಳ್ಳುವಂಥ ಪ್ರತಿವಾದವಿದೆಯೆಂದು ತೋರಿಸಿ ವಾದಿಸಲು ಅನುಮತಿಯನ್ನೇ ಪಡೆಯಬೇಕು. ಬಿಲ್ಲಿಗೆ ಪ್ರತಿಫಲವಿದೆ ಎಂಬುದನ್ನು ಕಾನೂನೇ ಮೊದಲು ಊಹಿಸಿಕೊಳ್ಳುತ್ತದೆ. ದಾವೆಗೆ ಗಡುವಿನ ದಿನದಿಂದ ಮೂರು ವರ್ಷ ಕಾಲಾವಕಾಶ. ಬರಿಯ ಉದ್ದರಿ ಪುಸ್ತಕದ ಬಾಕಿಗಿಂತ ಇದು ಎಷ್ಟೋ ಗಟ್ಟಿ. ಆದರೂ ಅಂಗಡಿ ನಡೆಯುತ್ತಿರುವಾಗ, ಸಾಲವನ್ನು ಒಪ್ಪಿಕೊಳ್ಳುವ ಗಿರಾಕಿಯ ಮೇಲೆ ದಾವೆ ಹೂಡುವುದು ಕೊನೆಯ ದಾರಿಯೆಂಬುದು ನನ್ನ ಅಭಿಪ್ರಾಯ.

ಜೂನ್ 14ರಂದು ಯಜಮಾನರೇ ಕೋಲಾರಕ್ಕೆ ಬಂದರು. ತಮ್ಮ ಉದ್ದರಿ ಪುಸ್ತಕವನ್ನೂ ತಂದಿದ್ದರು. ಯಾವ ರೈತರಿಂದ ಎಷ್ಟು ಬರಬೇಕೆಂಬುದನ್ನು ಸಾಲು ಸಾಲಾಗಿ ತೋರಿಸಿದರು. ಮಾವಿನ ಬಾಕಿ ನಿಂತಿದ್ದರೂ ಟೊಮೆಟೊ ಬೆಳೆಯುವವರ ಬಾಕಿ ಜುಲೈ–ಆಗಸ್ಟಿನಲ್ಲಿ ಬರುವ ಲಕ್ಷಣವಿತ್ತು. 1,25,000 ರೂಪಾಯಿಯನ್ನೂ ಖರ್ಚಿನ 1,100 ರೂಪಾಯಿಯನ್ನೂ ಆಗಲೇ ಕೊಟ್ಟು, “ಉಳಿದದ್ದಕ್ಕೆ ಎರಡು ತಿಂಗಳು ಕೊಡಿ ಅಕ್ಕಾ. ಇದೇ ಬಿಲ್ಲಿನಲ್ಲಿ ತಾರೀಖು ತಿದ್ದಿ ಇಬ್ಬರೂ ಸಹಿ ಹಾಕೋಣ,” ಎಂದರು. ತಾರೀಖಾಗಲಿ ಮೊತ್ತವಾಗಲಿ ತಿದ್ದಿದ ಬಿಲ್ಲು, ತಿದ್ದುಪಡಿಗೆ ಒಪ್ಪದವರ ಮಟ್ಟಿಗೆ ರದ್ದಾಗುತ್ತದೆ. ಒಪ್ಪಿಗೆಯಿಂದ ತಿದ್ದಿದರೂ ಮುಂದೆ ಆ ಗುರುತೇ ಜಗಳಕ್ಕೆ ದಾರಿ. ಅಲ್ಲದೆ ಹೊಸ ಅವಧಿಗೆ ಸ್ಟಾಂಪಿನ ಪ್ರಶ್ನೆಯೂ ಏಳುತ್ತದೆ. ಆದ್ದರಿಂದ ಹಳೆಯದನ್ನು ರದ್ದುಮಾಡಿ ಹೊಸ ಬಿಲ್ಲು ಬರೆಯುವುದೆಂದಾಯಿತು. ಬಾಕಿ 2,40,000ಕ್ಕೆ ಶೇಕಡ 12ರಂತೆ ಎರಡು ತಿಂಗಳ ಬಡ್ಡಿ 4,800 ಸೇರಿಸಿ 2,44,800ಕ್ಕೆ ಬರೆದೆವು.

ಈ ಸಲ ಇನ್ನೊಬ್ಬರ ಹೊಣೆಯೂ ಬೇಕೆಂದು ಕೇಳಿದೆ. ಅವರ ಬಾಮೈದ, ತೋಟವೂ ಗೊಬ್ಬರದ ಅಂಗಡಿಯೂ ಇರುವವರು, ಒಪ್ಪಿದರು. ಬಾಮೈದನಿಂದಲೂ ಯಜಮಾನರ ಸಹಿಯ ಕೆಳಗೆ ಒಂದು ಒಪ್ಪಿಗೆಯ ಸಹಿ ಹಾಕಿಸಿದರೆ ಸಾಕೆಂದು ತೋರುವುದು ಸಹಜ. ಆದರೆ ಬಿಲ್ಲು ಯಾರ ಮೇಲೆ ಬರೆದಿದೆಯೋ ಅವರು ಮಾತ್ರ ಅದಕ್ಕೆ ಒಪ್ಪಿಗೆ ಹಾಕಬಲ್ಲರು. ಹೊರಗಿನವರ ಸಹಿಗೆ ಒಪ್ಪಿಗೆಯ ಬಲ ಬರುವುದಿಲ್ಲ, ಹೆಚ್ಚೆಂದರೆ ಜಾಮೀನಿನ ವಾದಕ್ಕೆ ಎಡೆಯಾಗಬಹುದು. ಅದಕ್ಕಾಗಿ ಹೊಸ ಬಿಲ್ಲನ್ನು ಮೊದಲಿನಿಂದಲೇ ಇಬ್ಬರ ಹೆಸರಿನ ಮೇಲೂ ಬರೆದೆ. ಪಾಲುದಾರರಲ್ಲದ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರ ಪರವಾಗಿ ಒಪ್ಪಿಗೆ ಹಾಕಲಾಗದ್ದರಿಂದ ಇಬ್ಬರೂ ಬೇರೆ ಬೇರೆಯಾಗಿ ಸಹಿ ಮಾಡಿದರು.

ಇದನ್ನು ಡಿಸ್ಕೌಂಟ್ ಮಾಡಲು ಬ್ಯಾಂಕು ಒಪ್ಪಲಿಲ್ಲ. “ಒಮ್ಮೆ ವಾಪಸಾದ ಪಾರ್ಟಿ ಮೇಡಂ, ವಸೂಲಿಗೆ ಮಾತ್ರ ತಗೊಳ್ತೀವಿ,” ಎಂದರು ಮ್ಯಾನೇಜರು. ವಸೂಲಿಗೆ ಕೊಟ್ಟ ಬಿಲ್ಲಿನಲ್ಲಿ ಬ್ಯಾಂಕು ನಮ್ಮ ಏಜೆಂಟ್ ಮಾತ್ರ. ಹಣ ಬಂದಾಗ ಸಣ್ಣ ಶುಲ್ಕ ಹಿಡಿದು ಕೊಡುತ್ತದೆ, ಬರದಿದ್ದರೆ ಕಾಗದ ವಾಪಸು. ಎರಡು ತಿಂಗಳು ನನ್ನ ಕೈಯ ಹಣವೇ ಅದರಲ್ಲಿ ಸಿಕ್ಕಿಕೊಂಡಿತು. ಬಿಲ್ಲಿಗೆ ಸೇರಿಸಿದ 4,800 ರೂಪಾಯಿ ಬಡ್ಡಿ ಅದಕ್ಕೇ.

ಹೊಸ ಬಿಲ್ಲಿನ ಗಡುವು ಆಗಸ್ಟ್ 14ಕ್ಕೆ ಮೂರು ದಿನ ಸೇರಿ ಆಗಸ್ಟ್ 17. ಅದು ಮೂರನೇ ಶನಿವಾರ, ಬ್ಯಾಂಕಿಗೆ ಕೆಲಸದ ದಿನ. ಹೀಗಾಗಿ ತಾರೀಖು ಹಿಂದೆ ಸರಿಯಲಿಲ್ಲ. ಬಾಮೈದನ ಖಾತೆಯಿಂದ ಸ್ವಲ್ಪ ಹಣ ಸೇರಿ ಅಂದು ಪೂರ್ತಿ ಮೊತ್ತ ಪಾವತಿಯಾಯಿತು. ಹಣ ಕೊಟ್ಟವರಿಗೆ ಬಿಲ್ಲನ್ನು ಹಿಂದೆ ಪಡೆಯುವ ಹಕ್ಕಿದೆ. ಶ್ರೀನಿವಾಸಪುರದ ಶಾಖೆಯವರು “ಪಾವತಿಯಾಗಿದೆ” ಎಂದು ಬರೆದು ಅದನ್ನು ಯಜಮಾನರ ಕೈಗೇ ಕೊಟ್ಟರು. ಮುಂದಿನ ಹಂಗಾಮಿನಲ್ಲಿ ಅದೇ ಅಂಗಡಿಯ ಬಿಲ್ಲನ್ನು ಡಿಸ್ಕೌಂಟ್ ಮಾಡುತ್ತೀರಾ ಎಂದು ನಮ್ಮ ಬ್ಯಾಂಕಿನಲ್ಲಿ ಕೇಳಿದ್ದೇನೆ. ವಸೂಲಿಗೆ ಕೊಟ್ಟ ಇನ್ನೆರಡು ಬಿಲ್ಲುಗಳು ಗಡುವಿನ ದಿನವೇ ತೀರಿದ್ದನ್ನು ನೋಡಿ, ಅದೂ ಇಬ್ಬರ ಒಪ್ಪಿಗೆಯಿದ್ದರೆ, ಒಂದೂವರೆ ಲಕ್ಷದ ಮಿತಿಯೊಳಗೆ ಪರಿಶೀಲಿಸುತ್ತೇವೆ ಎಂದಿದ್ದಾರೆ.